ಹಿಡಿಯಿಲ್ಲದ ವಾರ್ಡ್‌ರೋಬ್ ಗೋಡೆಯ ರೆಂಡರ್: 3 ಮಿಲಿಮೀಟರ್ ಸಂದಿನಿಂದ ಶುರು ಮಾಡಿ

ಹಿಡಿ ಇರುವ ವಾರ್ಡ್‌ರೋಬನ್ನು ರೆಂಡರ್ ಮಾಡುವಾಗ ಕೆಲಸ ಅರ್ಧ ತಾನಾಗಿಯೇ ಮುಗಿದಿರುತ್ತದೆ. ಎರಡು ಹಿಡಿ ಕಂಡರೆ ಸಾಕು, ಅಲ್ಲಿ ಎರಡು ಬಾಗಿಲಿವೆ ಎಂದು ಕಣ್ಣು ತೀರ್ಮಾನಿಸಿಬಿಡುತ್ತದೆ. ಹಿಡಿ ತೆಗೆದುಹಾಕಿದರೆ ಉಳಿಯುವುದು ಗೋಡೆಯಂಥ ಒಂದು ಚಪ್ಪಟೆ ಮೇಲ್ಮೈ ಮತ್ತು ಅದರಲ್ಲಿ ಕೆಲವು ತೆಳುಗೆರೆಗಳು. ಆ ಗೆರೆಗಳು ನಿಜವಾದ ಸಂದುಗಳಂತೆ ಕಾಣದಿದ್ದರೆ, ಎಷ್ಟೇ ಒಳ್ಳೆಯ ವೆನೀರ್ ಟೆಕ್ಸ್ಚರ್ ಹಾಕಿದರೂ ಗೋಡೆಗೆ ಬಣ್ಣದ ಕಾಗದ ಅಂಟಿಸಿದ ಹಾಗೆ ಕಾಣುತ್ತದೆ. ಫ್ಲೂಟೆಡ್ ಪ್ಯಾನೆಲ್‌ನ ಕಥೆಯೂ ಇದೇ, ಮರೆಯಲ್ಲಿಟ್ಟ ಸ್ಟ್ರಿಪ್ ಲೈಟ್‌ನ ಕಥೆಯೂ ಇದೇ. ಮೂರೂ ಕೆಲವೇ ಮಿಲಿಮೀಟರ್ ಅಗಲದ ಜಾಗದಲ್ಲಿ ಬೆಳಕು, ನೆರಳು ಹೇಗೆ ಬೀಳುತ್ತವೆ ಎಂಬುದರ ಮೇಲೆ ನಿಂತಿವೆ.

ಒಂದೇ ಗೋಡೆಯನ್ನು ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇನೆ. ನಾನು ಬಳಸುವುದು ಬ್ಲೆಂಡರ್ ಮತ್ತು ಅದರ `Cycles` ಎಂಜಿನ್. ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಬಟನ್‌ಗಳ ಹೆಸರು ಬದಲಾಗುತ್ತದೆ, ಅಳತೆಗಳು ಬದಲಾಗುವುದಿಲ್ಲ.

ಗೋಡೆಯ ಲೆಕ್ಕ

ನಮ್ಮ ಗೋಡೆ 3600 ಮಿಮೀ ಅಗಲ, 2700 ಎತ್ತರ, ವಾರ್ಡ್‌ರೋಬ್‌ನ ಆಳ 600. ಎರಡೂ ತುದಿಯಲ್ಲಿ 30 ಮಿಮೀ ಫಿಲ್ಲರ್ ಪಟ್ಟಿ ಬಿಡೋಣ. ಗೋಡೆ ಎಂದೂ ನೂಲು ಹಿಡಿದಷ್ಟು ನೇರ ಇರುವುದಿಲ್ಲವಾದ್ದರಿಂದ ಬಡಗಿ ಈ ಪಟ್ಟಿಯನ್ನು ಬಿಟ್ಟೇ ಬಿಡುತ್ತಾನೆ. ರೆಂಡರ್‌ನಲ್ಲಿ ಇದು ಇಲ್ಲದಿದ್ದರೆ ಮೊದಲ ಶಟರ್ ಪಕ್ಕದ ಗೋಡೆಗೆ ಉಜ್ಜಿಕೊಂಡು ತೆರೆಯಬೇಕಾಗುತ್ತದೆ. ಕೆಲಸ ಗೊತ್ತಿರುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಉಳಿದ 3540 ಅನ್ನು ಹೀಗೆ ಹಂಚಿಕೊಳ್ಳೋಣ. ಎಡಕ್ಕೆ ನಾಲ್ಕು ಸಾದಾ ಶಟರ್, ತಲಾ 440, ಒಟ್ಟು 1760. ನಡುವೆ 900 ಅಗಲದ ತೆರೆದ ಗೂಡು, ಅದರ ಕೆಳಗೆ ಎರಡು ಡ್ರಾಯರ್. ಬಲಕ್ಕೆ ಎರಡು ಫ್ಲೂಟೆಡ್ ಶಟರ್, ಮತ್ತೆ ತಲಾ 440, ಒಟ್ಟು 880. ಈ 440 ಎನ್ನುವುದು ಶಟರ್‌ನ ಅಗಲವಲ್ಲ, ಅದಕ್ಕೆ ಕೊಟ್ಟ ಜಾಗ. ಶಟರ್ 437, ಉಳಿದ 3 ಮಿಮೀ ಸಂದು.

ಎತ್ತರದಲ್ಲಿ ಕೆಳಗೆ 80 ಮಿಮೀ ಸ್ಕರ್ಟಿಂಗ್, ಶಟರ್ ಮುಖದಿಂದ 50 ಮಿಮೀ ಒಳಕ್ಕೆ. ಅದರ ಮೇಲೆ 2100 ರ ಶಟರ್, 3 ಸಂದು, 497 ರ ಲಾಫ್ಟ್ ಶಟರ್, ಕೊನೆಗೆ ಸೀಲಿಂಗ್‌ಗೆ 20 ಮಿಮೀ ತೆರವು. ಒಟ್ಟು 2700. ನೆಲದಿಂದ ಸೀಲಿಂಗ್‌ವರೆಗೆ ಒಂದೇ ಶಟರ್ ಇಟ್ಟರೆ ಚಿತ್ರ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಸಿಗುವ ಬೋರ್ಡ್ ಹಾಳೆಯ ಉದ್ದ 2440 ಮಿಮೀ. 2600 ರ ಶಟರ್ ಅದರಲ್ಲಿ ಕತ್ತರಿಸಲು ಬರುವುದಿಲ್ಲ. ಬೇರೆ ಹಾಳೆ ತರಿಸಿದರೂ ಅಷ್ಟು ಉದ್ದದ ಬಾಗಿಲು ಕಾಲಕ್ರಮೇಣ ಬಾಗುವ ಭಯ ಇದ್ದೇ ಇದೆ. ಮಾಡಲಾಗದ್ದನ್ನು ರೆಂಡರ್‌ನಲ್ಲಿ ತೋರಿಸಿದರೆ ಮುಂದೆ ಆ ಚಿತ್ರವೇ ಜಗಳಕ್ಕೆ ಕಾರಣವಾಗುತ್ತದೆ. ಹಾಗಾಗಿ ಲಾಫ್ಟ್ ಗೆರೆಯನ್ನು ಮುಚ್ಚಿಡದೆ ಮೊದಲೇ ಎಳೆದುಬಿಡುವುದು ನನ್ನ ಪದ್ಧತಿ.

ಮಾಡೆಲ್‌ಗೂ ಮುಂಚೆ ಕ್ಯಾಮೆರಾ

ಮೊದಲು ಮಾಡೆಲ್, ಕೊನೆಗೆ ಕ್ಯಾಮೆರಾ ಎಂಬುದು ರೂಢಿ. ಈ ವಿಷಯದಲ್ಲಿ ಅದನ್ನು ತಿರುಗಿಸಿ. 3 ಮಿಮೀ ಸಂದು ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಆಗುತ್ತದೆ ಎಂಬುದು ಗೊತ್ತಾಗದೆ ಮುಂದಿನ ಯಾವ ತೀರ್ಮಾನವೂ ಸರಿ ಬರುವುದಿಲ್ಲ.

ಗೋಡೆಯ ಮುಖದಿಂದ 3500 ಮಿಮೀ ದೂರದಲ್ಲಿ, ನೆಲದಿಂದ 1200 ಎತ್ತರದಲ್ಲಿ ಕ್ಯಾಮೆರಾ ಇಡಿ. 36 ಮಿಮೀ ಸೆನ್ಸರ್, 28 ಮಿಮೀ ಲೆನ್ಸ್. 36 ಅನ್ನು 28 ರಿಂದ ಭಾಗಿಸಿ 3500 ರಿಂದ ಗುಣಿಸಿದರೆ 4500. ಅಂದರೆ ಫ್ರೇಮಿನ ಅಗಲಕ್ಕೆ 4500 ಮಿಮೀ ಹಿಡಿಯುತ್ತದೆ, ನಮ್ಮ ಗೋಡೆ ಅದರ ಶೇಕಡಾ 80 ತುಂಬುತ್ತದೆ. ಚಿತ್ರದ ಪ್ರಮಾಣ 16:9 ಇಟ್ಟರೆ ಎತ್ತರಕ್ಕೆ ಸಿಗುವುದು ಸುಮಾರು 2530 ಮಾತ್ರ, ಗೋಡೆಯೇ ಪೂರ್ತಿ ಬರುವುದಿಲ್ಲ. 3:2 ಇಟ್ಟರೆ 3000 ಸಿಗುತ್ತದೆ, ಮೇಲೆ ಕೆಳಗೆ ಉಸಿರಾಡಲು 150, 150 ಉಳಿಯುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಬೇಡಿ, ಮಾಡಿದರೆ ಶಟರ್‌ನ ನೇರ ಗೆರೆಗಳೆಲ್ಲ ವಾಲುತ್ತವೆ. ಎಕ್ಸ್ ತಿರುವು 90 ಡಿಗ್ರಿಯಲ್ಲೇ ಇರಲಿ. ಕ್ಯಾಮೆರಾ ಎತ್ತರ 1200, ಗೋಡೆಯ ನಡುಮಧ್ಯ 1350. ಆ 150 ರ ವ್ಯತ್ಯಾಸವನ್ನು `Shift Y` ನಲ್ಲಿ 0.033 ಕೊಟ್ಟು ಸರಿಮಾಡಿ.

ಈಗ ಪಿಕ್ಸೆಲ್ ಲೆಕ್ಕ. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ 3 ಮಿಮೀ ಸಂದು 1.3 ಪಿಕ್ಸೆಲ್. ಅದು ಗೆರೆಯಾಗಿ ಉಳಿಯುವುದಿಲ್ಲ. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೂದು ಆಗಿ ಮಸಕಾಗುತ್ತದೆ, ಒಂದೇ ಅಗಲದ ಆರು ಸಂದುಗಳು ಆರು ದಪ್ಪದಲ್ಲಿ ಕಾಣುತ್ತವೆ. 3840 ಕ್ಕೆ ಏರಿಸಿದರೆ ಸುಮಾರು 2.6 ಪಿಕ್ಸೆಲ್, ಆಗ ಗೆರೆ ನಿಲ್ಲುತ್ತದೆ. ಕಡಿಮೆ ರೆಸಲ್ಯೂಶನ್‌ನಲ್ಲಿ ಗೆರೆ ಕಾಣಲೆಂದು ಸಂದನ್ನು 6 ಮಿಮೀಗೆ ಹಿಗ್ಗಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆರು ಮಿಮೀ ಸಂದು ಸಡಿಲ ಕೆಲಸದ ಗುರುತು. 3840×2560 ರಲ್ಲಿ ರೆಂಡರ್ ಮಾಡಿ, ಚಿಕ್ಕ ಪ್ರತಿ ಬೇಕಿದ್ದರೆ ಆಮೇಲೆ ಅದರಿಂದಲೇ ಇಳಿಸಿಕೊಳ್ಳಿ.

ಸಂದಿನ ಹಿಂದೆ ಏನಿದೆ

ಹೆಚ್ಚಿನವರು ಮುಂದಿನ ಶಟರ್‌ಗಳನ್ನು ಮಾತ್ರ ಡಬ್ಬಿಗಳಂತೆ ಸಾಲಾಗಿ ನಿಲ್ಲಿಸಿ ಹಿಂದೆ ಏನೂ ಇಡುವುದಿಲ್ಲ. ಆಗ ಸಂದಿನೊಳಗಿಂದ ಹಿಂದಿನ ಗೋಡೆಯೋ ಆಕಾಶದ ಬೆಳಕೋ ಇಣುಕುತ್ತದೆ. ಇನ್ನು ಕೆಲವರು ಹಿಂದೆ ಒಂದು ಕಪ್ಪು ಹಲಗೆ ನಿಲ್ಲಿಸುತ್ತಾರೆ. ಬೆಳಕೇನೋ ಸೋರುವುದಿಲ್ಲ, ಆದರೆ ಎಲ್ಲ ಸಂದುಗಳೂ ಒಂದೇ ಕಪ್ಪಾಗಿ ಪೆನ್ನಿನಿಂದ ಎಳೆದ ಗೆರೆಗಳಂತಾಗುತ್ತವೆ.

ನಿಜವಾದ ವಾರ್ಡ್‌ರೋಬ್ ಎದುರು ನಿಂತು ಹತ್ತಿರದಿಂದ ನೋಡಿ. 880 ಅಗಲದ ಒಂದು ಬಾಕ್ಸಿಗೆ ಎರಡು ಶಟರ್. ಆ ಜೋಡಿಯ ನಡುವಿನ ಸಂದಿನ ಹಿಂದೆ ಹಲಗೆಯಿಲ್ಲ, ನೇರ ಬೀರುವಿನ ಒಳಗಿನ ಕತ್ತಲೆ. ಅದು ಗಾಢ ಕಪ್ಪು. ಪಕ್ಕದ ಬಾಕ್ಸ್ ಸೇರುವಲ್ಲಿ ಎರಡು 18 ಮಿಮೀ ಹಲಗೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ. ಅಲ್ಲಿನ ಸಂದಿನ ಹಿಂದೆ 20 ಮಿಮೀ ಆಳದಲ್ಲೇ ಆ ಹಲಗೆಗಳ ಅಂಚು ಸಿಗುತ್ತದೆ. ಬಾಕ್ಸ್ ಬಿಳಿಯಾಗಿದ್ದರೆ ಆ ಗೆರೆ ಕಪ್ಪಲ್ಲ, ಮಸುಕು ಬೂದು. ಹೀಗೆ ಒಂದು ಬಿಟ್ಟು ಒಂದು ಸಂದಿನ ಕಪ್ಪು ಬೇರೆ ಬೇರೆ. ಯಾಕೆ ಎಂದು ನೋಡುವವರಿಗೆ ಹೇಳಲು ಬಾರದಿದ್ದರೂ, ಈ ಏರಿಳಿತ ಇದ್ದಾಗ ಅದು ಮರದ ಕೆಲಸ ಎಂದು ಅವರ ಕಣ್ಣು ಒಪ್ಪುತ್ತದೆ.

ಹಾಗಾಗಿ ಬಾಕ್ಸ್‌ಗಳನ್ನು ನಿಜವಾಗಿ ಕಟ್ಟಿ: 18 ಮಿಮೀ ಪಕ್ಕದ ಹಲಗೆಗಳು, ಮೇಲೆ ಕೆಳಗೆ ಹಲಗೆ, ಹಿಂದೆ ಪೂರ್ತಿ ಮುಚ್ಚಿದ ಬ್ಯಾಕ್ ಪ್ಯಾನೆಲ್. ಹಿಡಿ ಇಲ್ಲದ ಶಟರ್ ತೆರೆಯುವ ದಾರಿಯನ್ನೂ ಈಗಲೇ ತೀರ್ಮಾನಿಸಿ. ನಾನಿಲ್ಲಿ ಪುಶ್ ಲ್ಯಾಚ್ ಇಟ್ಟಿದ್ದೇನೆ, ಒತ್ತಿದರೆ ಬಾಗಿಲು ಮುಂದಕ್ಕೆ ಚಿಮ್ಮುತ್ತದೆ. ಒತ್ತಲು ಜಾಗ ಬೇಕಾದ್ದರಿಂದ ಶಟರ್‌ನ ಬೆನ್ನಿಗೂ ಬಾಕ್ಸಿನ ಅಂಚಿಗೂ ನಡುವೆ ಸುಮಾರು 3 ಮಿಮೀ ತೆರವು ಬಿಡಿ. ನೋಡಲು ಅಲ್ಪ, ಆದರೆ ಗೂಡಿನ ಪಕ್ಕದ ಶಟರ್‌ನ ಅಂಚಿನಲ್ಲಿ ಈ ತೆರವು ಒಂದು ಸಣ್ಣ ನೆರಳಾಗಿ ಕಾಣಿಸಿಕೊಳ್ಳುತ್ತದೆ. ಜೆ ಆಕಾರದ ತೋಡು ಅಥವಾ ಅಲ್ಯೂಮಿನಿಯಂ ಪ್ರೊಫೈಲ್ ಬೇಕೆನ್ನುವವರು ಬೆರಳು ಹೋಗುವಷ್ಟು, ಅಂದರೆ 20 ಮಿಮೀ ಆಸುಪಾಸಿನ ತೆರವನ್ನು ಮಾಡೆಲ್ ಮಾಡಲೇಬೇಕು. ಆಗ ಗೋಡೆಯ ಲಯವೇ ಬೇರೆಯಾಗುತ್ತದೆ.

ಶಟರ್‌ಗಳ ಅಂಚಿಗೆ `Bevel` ಮಾಡಿಫೈಯರ್‌ನಲ್ಲಿ `Amount` 1 ಮಿಮೀ, `Segments` 3. ಎಡ್ಜ್ ಬ್ಯಾಂಡಿನ ಉರುಟು ಅಷ್ಟೇ ಇರುತ್ತದೆ. ಬೆವೆಲ್ ಕೊಡುವ ಮುನ್ನ `Ctrl+A` ಒತ್ತಿ `Scale` ಅಪ್ಲೈ ಮಾಡಿ, ಇಲ್ಲದಿದ್ದರೆ ಉದ್ದನೆಯ ಶಟರ್‌ನಲ್ಲಿ ಬೆವೆಲ್ ಒಂದು ದಿಕ್ಕಿಗೆ ಎಳೆದುಕೊಂಡಿರುತ್ತದೆ.

ಇನ್ನೊಂದು ಸಣ್ಣ ಕೆಲಸ ಬಾಕಿ ಇದೆ. ಯಾವ ಬಾಗಿಲೂ ಪಕ್ಕದ ಬಾಗಿಲಿಗೆ ಕೂದಲೆಳೆಯೂ ವ್ಯತ್ಯಾಸವಿಲ್ಲದಂತೆ ನಿಲ್ಲುವುದಿಲ್ಲ. ಪ್ರತಿ ಶಟರ್‌ನ ಒರಿಜಿನ್ ಅನ್ನು ಹಿಂಜ್ ಇರುವ ಅಂಚಿಗೆ ತಂದು, ಸಾದಾ ಶಟರ್‌ಗಳನ್ನೆಲ್ಲ ಆಯ್ಕೆ ಮಾಡಿ, ಇದನ್ನು ಒಮ್ಮೆ ಮಾತ್ರ ಓಡಿಸಿ:

```python
import bpy, math, random
for d in bpy.context.selected_objects:
    a = random.uniform(-0.1, 0.1)
    d.rotation_euler.z += math.radians(a)
```

0.1 ಡಿಗ್ರಿ ಎಂದರೆ 437 ಮಿಮೀ ಆಚೆಯ ಅಂಚಿನಲ್ಲಿ ಮುಕ್ಕಾಲು ಮಿಲಿಮೀಟರ್. ಗೆರೆ ಓರೆಯಾದದ್ದು ಯಾರಿಗೂ ಕಾಣುವುದಿಲ್ಲ. ಕಿಟಕಿಯ ಪ್ರತಿಫಲನ ಮಾತ್ರ ಪ್ರತಿ ಶಟರ್‌ನಲ್ಲೂ ಒಂದಿಷ್ಟು ಬೇರೆ ಜಾಗದಲ್ಲಿ ಬೀಳುತ್ತದೆ, ನಾಲ್ಕು ಶಟರ್ ನಾಲ್ಕಾಗಿ ಬಿಡಿಸಿಕೊಳ್ಳುತ್ತವೆ. ಈ ಕೋನವನ್ನು ಅರ್ಧ ಡಿಗ್ರಿಗೆ ಏರಿಸಿದರೆ ಹಿಂಜ್ ಸಡಿಲವಾದ ಬೀರುವಿನಂತೆ ಕಾಣುತ್ತದೆ.

ಏಣುಗಳು: ಸಂದನ್ನು ನುಂಗುವ ಲೆಕ್ಕ

ಫ್ಲೂಟೆಡ್ ಎಂಬ ಮಾತಿಗೆ ನಿಜವಾದ ಅರ್ಥ ಒಳಕ್ಕೆ ಕೊರೆದ ಅರ್ಧವೃತ್ತದ ತೋಡು. ಇಂದು ಪ್ಯಾನೆಲ್ ಮಾರುವವರು ಹೊರಕ್ಕೆ ಉಬ್ಬಿದ ಏಣುಗಳನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಎರಡರಲ್ಲಿ ನೆರಳು ಬೀಳುವ ರೀತಿ ತದ್ವಿರುದ್ಧ, ಆದ್ದರಿಂದ ಯಾವುದು ಬೇಕು ಎಂದು ಮೊದಲೇ ಕೇಳಿಕೊಳ್ಳಿ. ಇಲ್ಲಿ ಉಬ್ಬಿದ ಏಣುಗಳನ್ನೇ ಮಾಡೋಣ.

ಏಣಿನ ಅಗಲ 17 ಮಿಮೀ, ಉಬ್ಬು 6 ಮಿಮೀ, ಎರಡು ಏಣುಗಳ ನಡುವಿನ ತಗ್ಗು 3 ಮಿಮೀ. ಒಟ್ಟು 20 ಕ್ಕೊಂದು ಏಣು. 440 ರ ಜಾಗಕ್ಕೆ ಸರಿಯಾಗಿ 22 ಏಣು. ಶಟರ್ 437 ಆದ್ದರಿಂದ ಎರಡೂ ತುದಿಯಲ್ಲಿ ಅರ್ಧರ್ಧ ತಗ್ಗು ಕಳೆದುಹೋಗಿ, ಶಟರ್‌ನ ಅಂಚು ಏಣಿನಿಂದಲೇ ಶುರುವಾಗಿ ಏಣಿನಲ್ಲೇ ಮುಗಿಯುತ್ತದೆ. ಪಕ್ಕದ ಶಟರ್ 3 ಮಿಮೀ ಆಚೆ ಶುರುವಾಗುತ್ತದೆ. ಅಂದರೆ ಶಟರ್‌ಗಳ ನಡುವಿನ ಸಂದು ಇನ್ನೊಂದು ತಗ್ಗಿನಷ್ಟೇ ಅಗಲ. 44 ಏಣುಗಳ ಸಾಲಿನಲ್ಲಿ ಬಾಗಿಲು ಎಲ್ಲಿ ಒಡೆಯುತ್ತದೆ ಎಂದು ಹುಡುಕಬೇಕಾಗುತ್ತದೆ. ಫ್ಲೂಟೆಡ್ ಶಟರ್‌ನ ಚೆಲುವೆಲ್ಲ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅಳತೆ ಹೊಂದಿಸದೆ ರೆಡಿ ಟೆಕ್ಸ್ಚರ್ ಹೊದಿಸಿದರೆ ಅಂಚಿನಲ್ಲಿ ಅರ್ಧ ಸೀಳಿದ ಏಣು ಉಳಿಯುತ್ತದೆ, ಅದನ್ನು ಎಷ್ಟು ಬೆಳಕು ಹಾಕಿದರೂ ಸರಿಮಾಡಲು ಆಗುವುದಿಲ್ಲ.

ಮಾಡುವ ಕ್ರಮ ಹೀಗೆ. 17 ಅಗಲ, 6 ಉಬ್ಬಿನ ಕಮಾನಿಗೆ ತ್ರಿಜ್ಯ ಸುಮಾರು 9 ಮಿಮೀ ಬರುತ್ತದೆ. ಆ ಕಮಾನನ್ನು 12 ತುಂಡುಗಳಲ್ಲಿ ಬರೆದು, ಪಕ್ಕದಲ್ಲಿ 3 ಮಿಮೀ ಚಪ್ಪಟೆ ತಗ್ಗು ಸೇರಿಸಿ, ಶಟರ್‌ನ ಎತ್ತರಕ್ಕೆ ಎಳೆಯಿರಿ. `Array` ಮಾಡಿಫೈಯರ್‌ನಲ್ಲಿ `Count` 22, `Constant Offset` ಎಕ್ಸ್‌ಗೆ 20 ಮಿಮೀ. ಕೊನೆಯ ಏಣಿನ ಪಕ್ಕ ಉಳಿಯುವ ತಗ್ಗನ್ನು ಅಳಿಸಿ. ಕಮಾನಿನ ಭಾಗ ನುಣುಪಾಗಿರಲಿ, ಏಣು ತಗ್ಗಿಗೆ ಇಳಿಯುವ ಮೂಲೆ ಚೂಪಾಗಿಯೇ ಇರಲಿ. ಅದನ್ನೂ ನುಣುಪು ಮಾಡಿದರೆ ಏಣುಗಳು ಬಟ್ಟೆಯ ನೆರಿಗೆಗಳಂತಾಗುತ್ತವೆ. ಮೇಲಿನ ಲಾಫ್ಟ್ ಶಟರ್‌ನ ಏಣುಗಳು ಕೆಳಗಿನವುಗಳ ನೇರಕ್ಕೇ ಬರಬೇಕು.

ನಾರ್ಮಲ್ ಮ್ಯಾಪ್ ಹಾಕಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಕೋಣೆಯ ದೂರದ ಮೂಲೆಯಲ್ಲಿ ಕಾಣುವ ಪ್ಯಾನೆಲ್‌ಗೆ ಸಾಕು. ಇಲ್ಲಿ ಸಾಲದು. ನಾರ್ಮಲ್ ಮ್ಯಾಪ್ ಬೆಳಕಿನ ಛಾಯೆಯನ್ನು ಬದಲಿಸುತ್ತದೆಯೇ ಹೊರತು ಒಂದು ಏಣಿನ ನೆರಳನ್ನು ಪಕ್ಕದ ಏಣಿನ ಮೇಲೆ ಬೀಳಿಸುವುದಿಲ್ಲ. ಲಾಫ್ಟ್ ಸಂದಿನಲ್ಲಿ ಅಲೆಯಂತೆ ಕಾಣಬೇಕಾದ ಅಂಚು ಅಲ್ಲಿ ಅಳತೆಪಟ್ಟಿಯಷ್ಟು ನೇರವಾಗಿರುತ್ತದೆ. ಗುರುತು ಹಿಡಿಯಲು ಅದೊಂದು ಜಾಗ ಸಾಕು.

ವೆನೀರ್‌ನ ಟೆಕ್ಸ್ಚರ್ ಹಾಕುವಾಗ ಒಂದು ಎಚ್ಚರಿಕೆ. ಎದುರಿನಿಂದ ಪ್ರೊಜೆಕ್ಟ್ ಮಾಡಿದರೆ ಏಣಿನ ಇಳಿಜಾರಿನಲ್ಲಿ ಮರದ ಎಳೆಗಳು ಮೂರು ಪಟ್ಟು ಹಿಗ್ಗುತ್ತವೆ. 17 ಮಿಮೀ ಅಗಲದ ಆ ಕಮಾನನ್ನು ಬಿಡಿಸಿ ಅಳೆದರೆ 22 ಮಿಮೀ ಆಗುತ್ತದೆ, ಯುವಿಯಲ್ಲೂ ಅಷ್ಟೇ ಅಗಲ ಕೊಡಿ. `Array` ದ `UVs` ವಿಭಾಗದಲ್ಲಿ `Offset` ಕೊಟ್ಟರೆ ಪ್ರತಿ ಏಣೂ ಟೆಕ್ಸ್ಚರ್‌ನ ಬೇರೆ ಭಾಗವನ್ನು ಎತ್ತಿಕೊಳ್ಳುತ್ತದೆ, ಒಂದೇ ಗಂಟು 22 ಸಲ ಕಾಣುವುದು ತಪ್ಪುತ್ತದೆ.

ಹಗಲ ಬೆಳಕು ಯಾವ ಕಡೆಯಿಂದ

ಮೊದಲ ಸಲ ಇಂಥ ಗೋಡೆ ಮಾಡಿದಾಗ ನಾನು ಕಿಟಕಿಯನ್ನು ಕ್ಯಾಮೆರಾದ ಬೆನ್ನಹಿಂದೆ ಇಟ್ಟಿದ್ದೆ. ಎರಡು ದಿನ ಕೂತು ಮಾಡಿದ ಏಣುಗಳು ರೆಂಡರ್‌ನಲ್ಲಿ ಮಾಯ. ಮಾಡೆಲ್ ತಪ್ಪಿದೆ ಎಂದುಕೊಂಡು ಉಬ್ಬನ್ನು 6 ರಿಂದ 10 ಕ್ಕೆ ಏರಿಸಿದೆ, ಆಗಲೂ ಚಪ್ಪಟೆಯೇ. ತಪ್ಪು ಬೆಳಕಿನದ್ದಾಗಿತ್ತು. ಎದುರಿನಿಂದ ಬರುವ ಬೆಳಕು ಏಣಿನ ಎಡ, ಬಲ ಎರಡೂ ಮಗ್ಗುಲನ್ನು ಸಮನಾಗಿ ಬೆಳಗುತ್ತದೆ. ಉಬ್ಬು ಕಾಣಬೇಕಾದರೆ ಒಂದು ಮಗ್ಗುಲು ಕತ್ತಲಾಗಲೇಬೇಕು.

ನಮ್ಮ ಗೋಡೆಗೆ ಕಿಟಕಿಯನ್ನು ಎಡಗೋಡೆಯಲ್ಲಿ, ವಾರ್ಡ್‌ರೋಬ್ ಮುಖದಿಂದ 1500 ಮಿಮೀ ಮುಂದೆ ಇಡೋಣ. ಫ್ಲೂಟೆಡ್ ಶಟರ್‌ಗಳು ಎಡಗೋಡೆಯಿಂದ ಹೆಚ್ಚುಕಡಿಮೆ 3000 ದೂರ. ಆಗ ಬೆಳಕು ಸುಮಾರು 27 ಡಿಗ್ರಿ ಕೋನದಲ್ಲಿ ಗೋಡೆಯನ್ನು ಸವರಿಕೊಂಡು ಬರುತ್ತದೆ. ಪ್ರತಿ ಏಣಿನ ಬಲಗಡೆಯ ಕಾಲು ಭಾಗ ನೆರಳಿಗೆ ಬೀಳುತ್ತದೆ, ಅದರ ಪಕ್ಕದ ತಗ್ಗಂತೂ ಪೂರ್ತಿ ಕತ್ತಲು. ಶಟರ್‌ನ ಸಂದು ಅಂಥದೇ ಒಂದು ತಗ್ಗಿನ ಜಾಗದಲ್ಲಿರುವುದರಿಂದ ಅದೂ ಆ ಕತ್ತಲಲ್ಲಿ ಅಡಗಿಕೊಳ್ಳುತ್ತದೆ. ಫ್ಲೂಟೆಡ್ ಶಟರ್‌ಗಳನ್ನು ಕಿಟಕಿಗೆ ಅಂಟಿದಂತೆ ಎಡತುದಿಯಲ್ಲಿ ಇಡದಿದ್ದುದಕ್ಕೂ ಇದೇ ಕಾರಣ. ಅಲ್ಲಿ ಕೋನ ಬೇರೆಯಾಗಿ ನೆರಳು ಬಹುಪಾಲು ಕರಗಿಹೋಗುತ್ತದೆ.

ಈ ಹಂತದಲ್ಲಿ ಯಾವ ಮೆಟೀರಿಯಲ್ಲೂ ಬೇಡ. `View Layer` ನ `Override` ನಲ್ಲಿ ಬೂದು ಬಣ್ಣದ ಒಂದೇ ಮೆಟೀರಿಯಲ್ ಹಾಕಿ ರೆಂಡರ್ ಮಾಡಿ ನೋಡಿ. ಬೂದು ಚಿತ್ರದಲ್ಲಿ ಏಣು ಎದ್ದು ಕಾಣದಿದ್ದರೆ ವೆನೀರ್ ಹಾಕಿದ ಮೇಲೆ ಖಂಡಿತ ಕಾಣುವುದಿಲ್ಲ.

ಮರೆಯ ದೀಪ

ಈಗ ಗೂಡು. ಒಳಗಲ 864 ಮಿಮೀ, 450 ಎತ್ತರದಿಂದ 2180 ರವರೆಗೆ, ನಡುವೆ ಮೂರು ಶೆಲ್ಫ್. ಪ್ರತಿ ಶೆಲ್ಫ್‌ನ ಅಡಿಗೆ ಒಂದು ಸ್ಟ್ರಿಪ್. ಅದು ಮುಂದಿರಬೇಕೋ ಹಿಂದಿರಬೇಕೋ ಎಂಬುದು ಮೊದಲ ಪ್ರಶ್ನೆ. ಹಿಂದೆ, ಬ್ಯಾಕ್ ಪ್ಯಾನೆಲ್‌ಗೆ ಒತ್ತಿ ಇಟ್ಟರೆ ಪ್ಯಾನೆಲ್ ಉರಿಯುತ್ತದೆ, ಶೆಲ್ಫ್ ಮೇಲಿನ ವಸ್ತುಗಳ ಮುಖ ಕಪ್ಪಾಗುತ್ತದೆ. ಪುಸ್ತಕ, ಹೂದಾನಿ ಕಾಣಬೇಕಿದ್ದರೆ ಸ್ಟ್ರಿಪ್ ಮುಂದಿರಲಿ, 45 ಡಿಗ್ರಿ ಒಳಮುಖವಾಗಿ ತಿರುಗಿರಲಿ. ನಾನು ಯಾವಾಗಲೂ ಮುಂದೆಯೇ ಇಡುತ್ತೇನೆ.

ಮುಂದಿಟ್ಟರೆ ಅದನ್ನು ಮರೆಮಾಡಲು ಶೆಲ್ಫ್‌ನ ಮುಂಭಾಗದಲ್ಲಿ ಕೆಳಕ್ಕೆ ಇಳಿದ ಒಂದು ಪಟ್ಟಿ ಬೇಕು. 20 ಮಿಮೀ ಪಟ್ಟಿ ಸಾಕೇ? ಲೆಕ್ಕ ಮಾಡಿ ನೋಡೋಣ. ಮೇಲಿನ ಶೆಲ್ಫ್‌ನ ತಳ 1800 ರಲ್ಲಿದೆ, ಪಟ್ಟಿಯ ಅಂಚು 1780 ರಲ್ಲಿ. ಕ್ಯಾಮೆರಾ 1200 ರಲ್ಲಿದೆ, ದೂರ 3500. ದೃಷ್ಟಿ 3500 ಕ್ಕೆ 580 ಏರುತ್ತದೆ. ಪಟ್ಟಿಯ ಅಂಚನ್ನು ಸವರಿ ಒಳಹೋದ ಆ ದೃಷ್ಟಿ ಇನ್ನೂ 20 ಮಿಮೀ ಏರಿ ಶೆಲ್ಫ್‌ನ ತಳ ಮುಟ್ಟುವಷ್ಟರಲ್ಲಿ 120 ಮಿಮೀ ಒಳಗೆ ಹೋಗಿರುತ್ತದೆ. ಆ 120 ರ ಒಳಗೆ, ತಳಕ್ಕೆ ಹೂತಿಟ್ಟ ಸ್ಟ್ರಿಪ್ ಕ್ಯಾಮೆರಾಗೆ ಕಾಣುವುದಿಲ್ಲ. ಆದರೆ ಮನೆಯಲ್ಲಿ ಬದುಕುವುದು ಕ್ಯಾಮೆರಾ ಅಲ್ಲ. ಮಂಚದ ಮೇಲೆ ಕೂತವರ ಕಣ್ಣು 1100 ಎತ್ತರದಲ್ಲಿ, 1500 ದೂರದಲ್ಲಿ ಇದ್ದರೆ ಮರೆಯಾಗುವ ಆಳ 44 ಮಿಮೀಗೆ ಇಳಿಯುತ್ತದೆ. ಹಾಗಾಗಿ ಸ್ಟ್ರಿಪ್ ಪಟ್ಟಿಯಿಂದ 40 ಮಿಮೀ ಒಳಗೇ ಮುಗಿಯಬೇಕು. ಕಣ್ಣಿಗಿಂತ ಕೆಳಗಿರುವ ಶೆಲ್ಫ್‌ಗಳಲ್ಲಿ ಈ ಚಿಂತೆಯಿಲ್ಲ.

ಶೆಲ್ಫ್‌ನ ತಳದಲ್ಲಿ ತೋಡು ಕೊರೆದು, ಅದರೊಳಗೆ ಒಂದು `Area` ಲೈಟ್ ಇಡಿ. ಆಕಾರ `Rectangle`, ಉದ್ದ 840 ಮಿಮೀ, ಅಗಲ 10 ಮಿಮೀ. ಲೈಟ್‌ನ ಮುಖ ಮರದೊಳಗೆ ಹೂತುಹೋಗದಂತೆ ಒಂದೆರಡು ಮಿಮೀ ಹೊರಗಿರಲಿ. ಸ್ಟ್ರಿಪ್‌ನಲ್ಲಿ ಅರ್ಧ ಉದ್ದ ಮಾತ್ರ ಬೆಳಗಿ ಉಳಿದರ್ಧ ಕತ್ತಲಾದರೆ ಬಹುತೇಕ ಅದೇ ಕಾರಣ, ಒಂದು ತುದಿ ಮರದೊಳಗೆ ಹೋಗಿರುತ್ತದೆ. ತೆಳು ಮೆಶ್‌ಗೆ `Emission` ಹಾಕಿಯೂ ಮಾಡಬಹುದು, ಆದರೆ ಇಂಥ ಮರೆಯ ಜಾಗದಲ್ಲಿ `Area` ಲೈಟ್ ಕಡಿಮೆ ನಾಯ್ಸ್‌ನಲ್ಲಿ ಮುಗಿಯುತ್ತದೆ. ಲೈಟ್‌ನ `Power` ಅನ್ನು ಪೊಟ್ಟಣದ ಮೇಲಿನ ವ್ಯಾಟ್‌ನಂತೆ ಓದಬೇಡಿ. ಬ್ಲೆಂಡರ್‌ನ ವ್ಯಾಟ್ ಹೊರಬೀಳುವ ಬೆಳಕಿನದ್ದು, ದೀಪ ಕುಡಿಯುವ ಕರೆಂಟಿನದ್ದಲ್ಲ.

ಇಂಥ ಉದ್ದನೆಯ ದೀಪದ ಬೆಳಕು ಹತ್ತಿರದಲ್ಲಿ ಹೇಗೆ ಇಳಿಯುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ತಪ್ಪುಗಳು ತಪ್ಪುತ್ತವೆ. ಬಲ್ಬಿನಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಉದ್ದ ಪಟ್ಟಿಯ ಸಮೀಪದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಮಾತ್ರ. ಆದ್ದರಿಂದ ಬ್ಯಾಕ್ ಪ್ಯಾನೆಲ್ ಮೇಲೆ ಮೇಲ್ಭಾಗ ಬೆಳ್ಳಗೆ, ಕೆಳಕ್ಕೆ ಹೋದಂತೆ ಮೆಲ್ಲನೆ ಮಬ್ಬು, ಹೀಗೆ ಒಂದು ಇಳಿಕೆ ಕಾಣಬೇಕು. ಗೂಡೆಲ್ಲ ಟ್ಯೂಬ್‌ಲೈಟ್ ಡಬ್ಬಿಯಂತೆ ಸಮನಾಗಿ ಬೆಳಗಿದ್ದರೆ ಪವರ್ ಹೆಚ್ಚಾಗಿದೆ ಎಂದರ್ಥ. `View Transform` ಅನ್ನು `False Color` ಗೆ ಬದಲಿಸಿ ನೋಡಿದರೆ ಎಲ್ಲೆಲ್ಲಿ ಬೆಳಕು ಮಿತಿ ದಾಟಿದೆ ಎಂಬುದು ಬಣ್ಣದಲ್ಲೇ ತಿಳಿಯುತ್ತದೆ. ಮೇಲಂಚಿನ ತೆಳುಗೆರೆ ಬಿಟ್ಟು ಬೇರೆಲ್ಲೂ ಮಿತಿ ದಾಟಬಾರದು.

ಬಣ್ಣದ ವಿಚಾರ. ಅಂಗಡಿಯಿಂದ ತರುವ ಬೆಚ್ಚನೆಯ ಸ್ಟ್ರಿಪ್ 3000 ಕೆಲ್ವಿನ್. ಅದೇ ಅಂಕಿಯನ್ನು `Blackbody` ನೋಡ್‌ಗೆ ಕೊಟ್ಟರೆ ಗೂಡು ಕಿತ್ತಳೆಯಾಗಿ ಉರಿಯುತ್ತದೆ. ಕಾರಣ ಸರಳ: ರೆಂಡರ್‌ನ ಬಿಳಿ 6500 ಕೆಲ್ವಿನ್‌ಗೆ ಹೊಂದಿಸಿದ್ದು, ನಮ್ಮ ಕಣ್ಣಾದರೋ ಮನೆಯೊಳಗೆ ಬಂದೊಡನೆ ಬೆಚ್ಚನೆಯ ಬೆಳಕಿಗೆ ಹೊಂದಿಕೊಂಡುಬಿಡುತ್ತದೆ. ಹಗಲ ದೃಶ್ಯಕ್ಕೆ ನಾನು 4000 ಕ್ಕೆ ಇಟ್ಟು ಮುಂದುವರಿಯುತ್ತೇನೆ. ಸಂಜೆಯ ದೃಶ್ಯಕ್ಕೆ 3000 ವೇ ಇರಲಿ, ಇಡೀ ಚಿತ್ರದ ವೈಟ್ ಬ್ಯಾಲೆನ್ಸ್ ಬದಲಿಸಿ.

ಶೆಲ್ಫ್ ಅಥವಾ ಬ್ಯಾಕ್ ಪ್ಯಾನೆಲ್ ಹೊಳಪಿನದ್ದಾದರೆ ಮರೆಯಲ್ಲಿಟ್ಟ ಸ್ಟ್ರಿಪ್ ಪ್ರತಿಬಿಂಬದಲ್ಲಿ ಬಂದು ನಿಲ್ಲುತ್ತದೆ. ಲೈಟ್‌ನ `Ray Visibility` ಯಲ್ಲಿ `Glossy` ತೆಗೆದರೆ ಅದು ಮಾಯವಾಗುವುದು ನಿಜ. ಆದರೆ ಕಟ್ಟಿದ ಮೇಲೆ ನಿಜವಾದ ಗೂಡಿನಲ್ಲಿ ಅದು ಕಂಡೇ ಕಾಣುತ್ತದೆ. ನನಗೆ ಸರಿ ಕಾಣುವ ದಾರಿ ಮೆಟೀರಿಯಲ್‌ನ `Roughness` ಅನ್ನು 0.45 ರ ಮೇಲಿಡುವುದು ಮತ್ತು ಮ್ಯಾಟ್ ಲ್ಯಾಮಿನೇಟನ್ನೇ ಸೂಚಿಸುವುದು. ಇದರ ಜೊತೆಗೇ ಹೇಳಬೇಕಾದ್ದು: ಮೀಟರಿಗೆ 60 ಎಲ್‌ಇಡಿ ಇರುವ ಪಟ್ಟಿಯಲ್ಲಿ ಬಿಂದುವಿನಿಂದ ಬಿಂದುವಿಗೆ 16.7 ಮಿಮೀ, ಡಿಫ್ಯೂಸರ್ ಹತ್ತಿರವಿದ್ದರೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ನಮ್ಮ `Area` ಲೈಟ್ ತೋರಿಸುತ್ತಿರುವುದು ಮುರಿಯದ ಗೆರೆ. ಚಿತ್ರದ ಜೊತೆ ಕೊಡುವ ಟಿಪ್ಪಣಿಯಲ್ಲಿ ಸಿಒಬಿ ಸ್ಟ್ರಿಪ್ ಅಥವಾ ಒತ್ತಾದ ಪಟ್ಟಿ ಎಂದು ಬರೆದುಬಿಡಿ.

ಎರಡು ಬೆಳಕು, ಒಂದು ರೆಂಡರ್

ಕಿಟಕಿ ಮತ್ತು ಸ್ಟ್ರಿಪ್ ನಡುವಿನ ಪ್ರಮಾಣಕ್ಕಾಗಿ ಹತ್ತು ಸಲ ರೆಂಡರ್ ಮಾಡುತ್ತ ಕೂರಬೇಡಿ. `View Layer` ನಲ್ಲಿ `Light Groups` ತೆರೆದು ಎರಡು ಗುಂಪು ಮಾಡಿ, ಒಂದು ಹಗಲಿಗೆ, ಒಂದು ಸ್ಟ್ರಿಪ್‌ಗೆ. ಒಂದೇ ರೆಂಡರ್‌ನಿಂದ ಎರಡು ಬೆಳಕೂ ಬೇರೆಬೇರೆ ಪಾಸ್ ಆಗಿ ಬರುತ್ತವೆ, ಕಾಂಪೋಸಿಟರ್‌ನಲ್ಲಿ ಹೆಚ್ಚುಕಡಿಮೆ ಮಾಡಿ ಕೂಡಿಸಬಹುದು. ಹಗಲಲ್ಲಿ ಗೂಡಿನ ಅತಿ ಬೆಳಗಿದ ಜಾಗ ಶಟರ್ ಮುಖಕ್ಕಿಂತ ಎರಡು ಸ್ಟಾಪ್ ಮೇಲಿದ್ದರೆ ನನಗೆ ಹಿತ. ಅದಕ್ಕಿಂತ ಮೇಲೇರಿದರೆ ಕಣ್ಣು ಗೂಡಿಗೇ ಅಂಟಿಕೊಂಡು ಏಣುಗಳನ್ನು ಮರೆಯುತ್ತದೆ.

ಡಿನಾಯ್ಸರ್ ಬಗ್ಗೆ ಹುಷಾರು. ಎರಡೂವರೆ ಪಿಕ್ಸೆಲ್ ಸಂದು, ನಾಲ್ಕೈದು ಪಿಕ್ಸೆಲ್‌ನ ಏಣಿನ ನೆರಳು, ಇವು ಅದಕ್ಕೆ ನಾಯ್ಸ್‌ನಂತೆ ಕಂಡರೆ ಒರೆಸಿಬಿಡುತ್ತದೆ. `Passes` ನಲ್ಲಿ `Albedo and Normal`, `Prefilter` ನಲ್ಲಿ `Accurate` ಇರಲಿ. ಸ್ಯಾಂಪಲ್‌ಗಳನ್ನು ಧಾರಾಳವಾಗಿ ಕೊಟ್ಟು ಡಿನಾಯ್ಸರ್‌ಗೆ ಕೆಲಸ ಕಡಿಮೆ ಮಾಡಿ. ಲೈಟ್ ಗ್ರೂಪ್‌ನ ಪಾಸ್‌ಗಳಿಗೆ ರೆಂಡರ್ ಸೆಟ್ಟಿಂಗ್‌ನ ಡಿನಾಯ್ಸ್ ತಗಲುವುದಿಲ್ಲ, ಪ್ರತಿಯೊಂದಕ್ಕೂ ಕಾಂಪೋಸಿಟರ್‌ನಲ್ಲಿ `Denoise` ನೋಡ್ ಬೇರೆಯಾಗಿ ಹಾಕಿ.

ರೆಂಡರ್ ಮುಗಿದ ಮೇಲೆ ಚಿತ್ರವನ್ನು 100 ಪ್ರತಿಶತಕ್ಕೆ ಹಿಗ್ಗಿಸಿ ಒಂದೇ ಜಾಗ ನೋಡಿ: ಗೂಡಿನ ಬಲ ಮೇಲ್ಮೂಲೆ, ಫ್ಲೂಟೆಡ್ ಶಟರ್, ಅದರ ಲಾಫ್ಟ್ ಮತ್ತು ಗೂಡಿನ ಅಂಚು ಮೂರೂ ಕೂಡುವಲ್ಲಿ. ಅಲ್ಲಿ ಗೂಡಿನ ಬೆಳಕು ಶಟರ್‌ನ ಬೆನ್ನಿನ 3 ಮಿಮೀ ತೆರವಿಗೆ ಬಂದು ಸಣ್ಣಗೆ ನಿಂತಿರಬೇಕು, ಲಾಫ್ಟ್ ಸಂದಿನ ಎರಡೂ ಅಂಚು ಏಣುಗಳ ಅಲೆಯಲ್ಲಿ ಒಂದಕ್ಕೊಂದು ಹೊಂದಿರಬೇಕು, ಮೊದಲ ಏಣು ಸೀಳದೆ ಇಡಿಯಾಗಿರಬೇಕು. ಅಲ್ಲಿ ಬೆಳಕು ಶಟರ್‌ನ ಮುಖಕ್ಕೇ ಸೋರಿ ಬಂದಿದ್ದರೆ ಬಾಕ್ಸಿನ ಪಕ್ಕದ ಹಲಗೆಯಲ್ಲಿ ಎಲ್ಲೋ ಸೀಳು ಉಳಿದಿದೆ. ಮಾಡೆಲ್‌ಗೆ ಹಿಂತಿರುಗಿ ಮೊದಲು ಅದನ್ನು ಮುಚ್ಚಿ, ಬಣ್ಣ ತಿದ್ದುವ ಕೆಲಸ ಆಮೇಲೆ.